ಪೋಷಕರ ಸಭೆಯ ರೆಕಾರ್ಡಿಂಗ್‌ನಿಂದ ಟಿಪ್ಪಣಿ: ಕೈಬರಹವಾ, ಮಾತಾಡಿ ಟೈಪಾ, ಕಂಪ್ಯೂಟರಾ, ವಾಯ್ಸ್ ಮೆಸೇಜಾ?

ಶಾಲೆಯ ಪೋಷಕರ ಸಭೆಯನ್ನು ಈಗ ಬಹಳ ಕಡೆ ಯಾರಾದರೊಬ್ಬರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ಒಂದು ಗಂಟೆಗೂ ಮೀರಿದ ಆಡಿಯೊವನ್ನು ಹಾಗೇ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟು, ಗಾರ್ಮೆಂಟ್ಸ್ ಶಿಫ್ಟ್ ಮುಗಿಸಿ ಮನೆಗೆ ಬಂದ ತಾಯಿ ಅದನ್ನು ಪೂರ್ತಿ ಕೇಳಲಿ ಅನ್ನುವುದು ನ್ಯಾಯ ಅಲ್ಲ. ಟಿಪ್ಪಣಿ ಮಾಡಲೇಬೇಕು. ಎಸ್‌ಡಿಎಂಸಿ ಸದಸ್ಯರು, ತರಗತಿ ಶಿಕ್ಷಕರು, ತಾವಾಗಿ ಮುಂದೆ ಬರುವ ಪೋಷಕರು, ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ಒಂದೇ: ಕೂತು ಕೇಳಿ ಕೈಯಲ್ಲಿ ಬರೆಯೋದಾ, ಫೋನಿಗೆ ಮಾತಾಡಿ ಟೈಪ್ ಮಾಡಿಸೋದಾ, ಕಂಪ್ಯೂಟರಿಗೆ ಕೊಟ್ಟು ಅದೇ ಬರೆಯಲಿ ಅಂತ ಬಿಡೋದಾ, ಇಲ್ಲಾ ಬರವಣಿಗೆಯೇ ಬೇಡ ಅಂತ ಚಿಕ್ಕ ವಾಯ್ಸ್ ಮೆಸೇಜ್ ಕಳಿಸೋದಾ?

ನಾಲ್ಕೂ ಕೆಲಸಕ್ಕೆ ಬರುತ್ತವೆ, ಆದರೆ ಎಲ್ಲರಿಗೂ ಅಲ್ಲ. ಯಾವುದು ನಿಮಗೆ ಅಂತ ನೋಡುವ ಮೊದಲು, ಯಾವುದರ ಮೇಲೆ ಅಳೆಯಬೇಕು ಅನ್ನುವುದನ್ನು ಇಟ್ಟುಕೊಳ್ಳೋಣ.

ಮೊದಲು ನೋಡಬೇಕಾದ್ದು

ಮೊದಲನೆಯದು ರೆಕಾರ್ಡಿಂಗ್ ಹೇಗಿದೆ ಅನ್ನುವುದು. ಅದನ್ನು ಶುರುವಿನಿಂದ ಕೇಳಿ ಅಳೆಯಬೇಡಿ. ಶುರುವಿನಲ್ಲಿ ಸ್ವಾಗತ ಭಾಷಣ ಇರುತ್ತದೆ, ಒಬ್ಬರೇ ಮಾತಾಡುತ್ತಾರೆ, ಎಲ್ಲ ಚೆನ್ನಾಗಿಯೇ ಕೇಳುತ್ತದೆ. ಪೋಷಕರು ಪ್ರಶ್ನೆ ಕೇಳುವ ಮಧ್ಯದ ಭಾಗಕ್ಕೆ ಹೋಗಿ ಎರಡು ನಿಮಿಷ ಕೇಳಿ. ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ ನಿಮಗೆ ಒಂದೇ ಸಲಕ್ಕೆ ಅರ್ಥವಾದರೆ ರೆಕಾರ್ಡಿಂಗ್ ಒಳ್ಳೆಯದು. ಹಿಂದೆ ಮುಂದೆ ಮಾಡಿ ಮೂರು ಸಲ ಕೇಳಬೇಕಾದರೆ, ಆ ಸಭೆಯಲ್ಲಿ ಇದ್ದ ನಿಮಗೇ ಅಷ್ಟು ಕಷ್ಟವಾದರೆ, ಕಂಪ್ಯೂಟರಿಗೂ ಫೋನಿಗೂ ಅದು ಸಿಗುವುದಿಲ್ಲ. ಈ ಎರಡು ನಿಮಿಷದ ಪರೀಕ್ಷೆಯೇ ಅರ್ಧ ತೀರ್ಮಾನ ಮಾಡಿಕೊಡುತ್ತದೆ.

ಎರಡನೆಯದು, ಬರಲಾಗದವರು ಓದುತ್ತಾರಾ, ಕೇಳುತ್ತಾರಾ. ಕನ್ನಡ ಓದಲು ಬಾರದ, ಅಥವಾ ಓದಿದರೂ ಉದ್ದ ಮೆಸೇಜ್ ತೆರೆಯದ ಪೋಷಕರು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಮನೆಯಲ್ಲಿ ಉರ್ದು, ತೆಲುಗು, ತಮಿಳು ಮಾತಾಡುವವರೂ ಇರುತ್ತಾರೆ.

ಮೂರನೆಯದು ಎಷ್ಟು ಖಚಿತವಾಗಿರಬೇಕು ಅನ್ನುವುದು. ಸಭೆಯಲ್ಲಿ ತಾರೀಖು, ದುಡ್ಡು, ದಾಖಲೆಗಳ ಮಾತು ಬಂದಿದ್ದರೆ ಒಂದು ಪದ ತಪ್ಪಿದರೂ ಯಾರೋ ಒಬ್ಬರು ಕೂಲಿ ಬಿಟ್ಟು ನಾಡಕಚೇರಿಗೆ ಸುಮ್ನೆ ಅಲೆಯುತ್ತಾರೆ.

ನಾಲ್ಕನೆಯದು ಮಕ್ಕಳ ಹೆಸರು. ಸಭೆಯ ಕೊನೆಯಲ್ಲಿ "ನಿಮ್ಮ ಹುಡುಗ ಗಣಿತದಲ್ಲಿ ಹಿಂದಿದ್ದಾನೆ" ಅನ್ನುವ ಮಾತುಗಳು ಬಂದೇ ಬರುತ್ತವೆ. ಅವು ಆ ಮನೆಗೆ ಮಾತ್ರ ಸೇರಿದ್ದು. ರೆಕಾರ್ಡಿಂಗನ್ನು ಯಾವ ವೆಬ್‌ಸೈಟಿಗೆ ಹಾಕುತ್ತೀರಿ, ಯಾರ ಕೈಗೆ ಕೊಡುತ್ತೀರಿ ಅನ್ನುವುದು ಇದರ ಮೇಲೆ ನಿಂತಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಇರಲಿ, ಬಿಡಲಿ, ಒಬ್ಬರ ಮಗುವಿನ ಅಂಕ ಇನ್ನೊಬ್ಬರ ಫೋನಿಗೆ ಹೋಗಬಾರದು.

ಸಮಯ ಮತ್ತು ದುಡ್ಡು ಇದರ ನಂತರ. ಟಿಪ್ಪಣಿ ಮಾರನೇ ದಿನ ಸಂಜೆಯೊಳಗೆ ಹೋದರೆ ಚೆಂದ. ವಾರ ಕಳೆದು ಹೋದರೆ ಅಷ್ಟರಲ್ಲಿ ಗಾಳಿಮಾತು ಹರಡಿರುತ್ತದೆ, ಆಮೇಲೆ ಅದನ್ನು ತಿದ್ದುವ ಕೆಲಸ ಜಾಸ್ತಿ.

ಒಂದು ಸಭೆ ಇಟ್ಟುಕೊಂಡು ನೋಡೋಣ

ನವೆಂಬರ್ 22, ಶನಿವಾರ. ತಾಲ್ಲೂಕು ಕೇಂದ್ರದ ಹತ್ತಿರ ಇರುವ ಸರ್ಕಾರಿ ಪ್ರೌಢಶಾಲೆ, ಹತ್ತನೇ ತರಗತಿ ಪೋಷಕರ ಸಭೆ, 68 ನಿಮಿಷದ ರೆಕಾರ್ಡಿಂಗ್ ಅಂದುಕೊಳ್ಳಿ. ಸ್ವಾಗತ, ಮಧ್ಯವಾರ್ಷಿಕ ಪರೀಕ್ಷೆಯ ಫಲಿತಾಂಶ, ವಿಶೇಷ ತರಗತಿ, ವಿದ್ಯಾರ್ಥಿವೇತನ, ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೆಸರು ಸರಿ ಇದೆಯಾ ಅಂತ ನೋಡಿಕೊಳ್ಳುವುದು, ಶೈಕ್ಷಣಿಕ ಪ್ರವಾಸದ ಬಗ್ಗೆ ದೊಡ್ಡ ವಾದ, ಕೊನೆಯ ಹತ್ತು ನಿಮಿಷ ಒಬ್ಬೊಬ್ಬ ಪೋಷಕರ ಜೊತೆ ಅವರವರ ಮಗುವಿನ ಮಾತು. ವಿಶೇಷ ತರಗತಿಯ ಭಾಗದಲ್ಲಿ ಇಂಥ ಮಾತು ಬರುತ್ತದೆ:

ಎಚ್‌ಎಂ: "ಸೋಮವಾರದಿಂದ ಸ್ಪೆಷಲ್ ಕ್ಲಾಸ್. ಬೆಳಗ್ಗೆ ಎಂಟೂವರೆಗೆ. ಮ್ಯಾಥ್ಸು, ಸೈನ್ಸು, ಇಂಗ್ಲಿಷ್ ಮೂರೇ."

ಪೋಷಕ: "ಸಾರ್, ನಮ್ಮೂರಿಂದ ಮೊದಲ ಬಸ್ಸು ಬರೋದೇ ಎಂಟೂ ಮುಕ್ಕಾಲಿಗೆ."

ಎಚ್‌ಎಂ: "ಹೌದಾ? ಡಿಪೋದವರ ಹತ್ರ ಒಂದ್ಸಲ ಮಾತಾಡಿ ನೋಡೋಣ ಬಿಡಿ. ಬಸ್ಸಿನ ಮಕ್ಕಳು ಬಂದಾಗ ಬಂದು ಕೂತ್ಕೊಳ್ಳಲಿ, ಅವರಿಗೆ ಆಬ್ಸೆಂಟ್ ಹಾಕಲ್ಲ."

ತಾಯಿ: "ಸಂಜೆ ಹೊತ್ತು ಇಟ್ಕೊಂಡ್ರೆ ಆಗಲ್ವಾ ಸಾರ್?"

ಶಿಕ್ಷಕಿ: "ಸಂಜೆ ಬೇಡ ಕಣಮ್ಮ, ಹೆಣ್ಣುಮಕ್ಕಳು ಮನೆ ಸೇರೋ ಹೊತ್ತಿಗೆ ಕತ್ತಲಾಗುತ್ತೆ."

ಇದನ್ನು ಸುಮ್ನೆ ಸಾರಾಂಶ ಮಾಡಲು ಕೂತರೆ, ಮನುಷ್ಯರು ಮಾಡಲಿ ಕಂಪ್ಯೂಟರ್ ಮಾಡಲಿ, ಹೀಗೆ ಬಂದುಬಿಡುತ್ತದೆ: "ವಿಶೇಷ ತರಗತಿಯ ಸಮಯದ ಬಗ್ಗೆ ಚರ್ಚಿಸಲಾಯಿತು. ಬಸ್ ಸಮಯ ಬದಲಿಸಲು ಡಿಪೋದೊಂದಿಗೆ ಮಾತನಾಡಲು ತೀರ್ಮಾನಿಸಲಾಯಿತು."

ಓದಲು ಅಚ್ಚುಕಟ್ಟಾಗಿದೆ. ಆದರೆ ಎರಡು ಕಡೆ ಕೆಟ್ಟಿದೆ. "ನೋಡೋಣ ಬಿಡಿ" ಅನ್ನುವುದು ಭರವಸೆ ಅಲ್ಲ, ಸಭೆಯಲ್ಲಿ ಕೂತಿದ್ದವರೆಲ್ಲರಿಗೂ ಅದು ಗೊತ್ತಿರುತ್ತದೆ. ಟಿಪ್ಪಣಿಯಲ್ಲಿ ಅದು ತೀರ್ಮಾನ ಆಗಿಬಿಟ್ಟಿದೆ. ಬರಲಾಗದ ಅಪ್ಪ ಬಸ್ಸು ಬೇಗ ಬರುತ್ತದೆ ಅಂತ ಕಾಯುತ್ತಾನೆ. ಇನ್ನೊಂದು, ಆ ಊರಿನ ಮಕ್ಕಳ ಮನೆಯವರಿಗೆ ಅತಿ ಮುಖ್ಯವಾದ ಮಾತು "ಆಬ್ಸೆಂಟ್ ಹಾಕಲ್ಲ" ಅನ್ನುವುದು. ಅದೇ ಬಿಟ್ಟುಹೋಗಿದೆ.

ಹಾಗಾಗಿ ನಾನು ಯಾವ ದಾರಿಯನ್ನೇ ಅಳೆದರೂ ಮುಖ್ಯವಾಗಿ ನೋಡುವುದು ಇದನ್ನೇ: ತೀರ್ಮಾನ ಆದದ್ದು, ಪೋಷಕರು ಮಾಡಬೇಕಾದ್ದು, ಇನ್ನೂ "ನೋಡೋಣ"ದಲ್ಲೇ ಇರುವುದು, ಈ ಮೂರೂ ಬೇರೆ ಬೇರೆಯಾಗಿ ಉಳಿಯುತ್ತವಾ?

ಕೇಳುತ್ತಾ ಕೈಯಲ್ಲಿ ಬರೆಯುವುದು

ಖರ್ಚಿಲ್ಲ. ಇಂಟರ್ನೆಟ್ ಬೇಡ. ರೆಕಾರ್ಡಿಂಗ್ ಕೆಟ್ಟದಾಗಿದ್ದರೂ ನಡೆಯುತ್ತದೆ, ಏಕೆಂದರೆ ಯಾವ ದನಿ ಯಾರದು, ಯಾವ ಊರಿನ ಬಸ್ಸು ಅನ್ನುವುದು ಕೇಳುವವರ ತಲೆಯಲ್ಲಿ ಇರುತ್ತದೆ. ಇದು ಬೇರೆ ಯಾವ ದಾರಿಯಲ್ಲೂ ಸಿಗದ ಅನುಕೂಲ.

ಜನ ಇದಕ್ಕೆ ಹೆದರುವುದು ಸಮಯಕ್ಕೆ. ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಪೂರ್ತಿ ಬರೆದಿಳಿಸಲು ಹೊರಟರೆ ಹೌದು, ಒಂದು ಗಂಟೆಯ ಸಭೆಗೆ ನಾಲ್ಕು ಗಂಟೆ ಬೇಕಾಗುತ್ತದೆ, ಹಲವರು ಒಟ್ಟಿಗೆ ಮಾತಾಡಿದ್ದರೆ ಇನ್ನೂ ಜಾಸ್ತಿ. ಆದರೆ ಪೂರ್ತಿ ಬರೆಯುವ ಅಗತ್ಯವೇ ಇಲ್ಲ. ಎರಡು ಸುತ್ತಿನಲ್ಲಿ ಮಾಡಿ.

ಮೊದಲ ಸುತ್ತಿನಲ್ಲಿ ವೇಗ 1.5ಕ್ಕೆ ಇಟ್ಟು ಕೇಳಿ, ಏನೂ ಬರೆಯಬೇಡಿ, ಬರೀ ನಿಮಿಷ ಮತ್ತು ವಿಷಯ ಗುರುತು ಹಾಕಿ: "18, ಸ್ಪೆಷಲ್ ಕ್ಲಾಸ್", "33, ಸ್ಕಾಲರ್‌ಶಿಪ್", "58ರಿಂದ ಒಬ್ಬೊಬ್ಬರ ಮಾತು, ಬೇಡ". ನಮ್ಮ 68 ನಿಮಿಷ ಈ ವೇಗದಲ್ಲಿ ಸುಮಾರು 45 ನಿಮಿಷಕ್ಕೆ ಮುಗಿಯುತ್ತದೆ. ಎರಡನೇ ಸುತ್ತಿನಲ್ಲಿ ತಾರೀಖು, ದುಡ್ಡು, ದಾಖಲೆ, ಯಾರು ಏನು ಮಾಡಬೇಕು ಅನ್ನುವುದು ಬಂದ ನಿಮಿಷಗಳಿಗೆ ಮಾತ್ರ ವಾಪಸ್ ಹೋಗಿ, ಮಾಮೂಲಿ ವೇಗದಲ್ಲಿ ಕೇಳಿ ಬರೆಯಿರಿ. ಸಾಮಾನ್ಯವಾಗಿ ಅದು ಇಡೀ ಸಭೆಯ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಇರುವುದಿಲ್ಲ. ನಿಲ್ಲಿಸಿ ಬರೆಯುವುದೂ ಸೇರಿ ಒಟ್ಟು ಎರಡು ಗಂಟೆಯೊಳಗೆ ಕೆಲಸ ಆಗುತ್ತದೆ.

ಕಂಪ್ಯೂಟರಿನಲ್ಲಿ ಕೇಳುವುದಾದರೆ ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. `]` ಒತ್ತಿದರೆ ವೇಗ ಏರುತ್ತದೆ, `[` ಒತ್ತಿದರೆ ಇಳಿಯುತ್ತದೆ, `Alt` ಹಿಡಿದು ಎಡಬಾಣ ಒತ್ತಿದರೆ ಹತ್ತು ಸೆಕೆಂಡ್ ಹಿಂದಕ್ಕೆ ಹೋಗುತ್ತದೆ. ಈ ಹಿಂದಕ್ಕೆ ಹೋಗುವ ಕೀಲಿ ಬಂದರೆ ಅರ್ಧ ತಲೆನೋವು ಕಡಿಮೆ. ಸಭೆಯಲ್ಲಿ ಇಲ್ಲದವರು ಈ ಕೆಲಸಕ್ಕೆ ಕೂರಬೇಡಿ, ಯಾರು ಮಾತಾಡುತ್ತಿದ್ದಾರೆ ಅಂತ ಗೊತ್ತಾಗದೆ ಸಮಯ ಎರಡರಷ್ಟಾಗುತ್ತದೆ.

ಇದರ ಕೊರತೆ ಒಂದೇ, ಬರೆದವರ ಒಲವು ಒಳಗೆ ನುಸುಳುವುದು. ಪ್ರವಾಸ ಬೇಡ ಅಂತ ವಾದ ಮಾಡಿದವರೇ ಟಿಪ್ಪಣಿ ಬರೆದರೆ ಆ ವಾದಕ್ಕೆ ಮೂರು ಸಾಲು, ಎದುರು ಮಾತಿಗೆ ಅರ್ಧ ಸಾಲು ಬರುತ್ತದೆ. ಬೇಕಂತ ಮಾಡುವುದಲ್ಲ, ಹಾಗಾಗುತ್ತದೆ. ಅಂಥ ವಿಷಯ ಇದ್ದರೆ ಬೇರೆಯವರು ಬರೆಯಲಿ.

ಕೇಳಿ, ನಿಮ್ಮ ದನಿಯಲ್ಲಿ ಮತ್ತೆ ಹೇಳಿ ಟೈಪ್ ಮಾಡಿಸುವುದು

ಕನ್ನಡ ಟೈಪಿಂಗ್ ನಿಧಾನ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಟಿವಿ ನೇರಪ್ರಸಾರಕ್ಕೆ ಸಬ್‌ಟೈಟಲ್ ಕೊಡುವವರು ಬಹಳ ವರ್ಷದಿಂದ ಈ ರೀತಿ ಮಾಡುತ್ತಾರೆ: ಕಿವಿಯಲ್ಲಿ ಕೇಳಿದ್ದನ್ನು ತಮ್ಮ ಸ್ಪಷ್ಟ ದನಿಯಲ್ಲಿ ಮತ್ತೆ ಹೇಳುತ್ತಾರೆ, ಯಂತ್ರ ಅವರೊಬ್ಬರ ದನಿಯನ್ನು ಮಾತ್ರ ಬರಹ ಮಾಡುತ್ತದೆ.

ರೆಕಾರ್ಡಿಂಗನ್ನು ಸ್ಪೀಕರಿನಲ್ಲಿ ಹಾಕಿ ಫೋನನ್ನು ಮುಂದೆ ಹಿಡಿದರೆ ಬರುವುದು ಬರೀ ಚೂರುಪಾರು. ಫ್ಯಾನಿನ ಸದ್ದು, ದೂರದ ದನಿ, ಇಬ್ಬರು ಒಟ್ಟಿಗೆ ಮಾತಾಡುವುದು, ಯಾವುದನ್ನೂ ಫೋನಿನ ವಾಯ್ಸ್ ಟೈಪಿಂಗ್ ತಡೆದುಕೊಳ್ಳುವುದಿಲ್ಲ. ನಿಮ್ಮ ದನಿ ಹಾಗಲ್ಲ. ಹತ್ತಿರದಲ್ಲಿರುತ್ತದೆ, ಒಂದೇ ಇರುತ್ತದೆ, ನಿಧಾನವಾಗಿ ಹೇಳುತ್ತೀರಿ.

ಎರಡು ಸಾಧನ ಬೇಕು. ಒಂದರಲ್ಲಿ ಇಯರ್‌ಫೋನ್ ಹಾಕಿ ಕೇಳಿ, ಇನ್ನೊಂದರಲ್ಲಿ ಮಾತಾಡಿ. ಒಂದೇ ಫೋನಿನಲ್ಲಿ ಎರಡನ್ನೂ ಮಾಡಲು ಹೋದರೆ ಮೈಕ್ ಒತ್ತಿದ ತಕ್ಷಣ ಆಡಿಯೊ ನಿಂತುಹೋಗುವುದೇ ಜಾಸ್ತಿ. ಮಾತಾಡುವ ಫೋನಿನಲ್ಲಿ ಜಿಬೋರ್ಡ್ ಕೀಬೋರ್ಡಿಗೆ ಕನ್ನಡ ಸೇರಿಸಿ, ಮೈಕ್ ಗುರುತು ಒತ್ತಿ. ಲ್ಯಾಪ್‌ಟಾಪ್ ಇದ್ದರೆ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು `Tools > Voice typing` ಒತ್ತಿ ಕನ್ನಡ ಆರಿಸಿಕೊಳ್ಳಬಹುದು.

ಇಲ್ಲೂ ಪೂರ್ತಿ ಮಾತನ್ನು ಹೇಳಬೇಡಿ. ಒಂದು ವಿಷಯ ಕೇಳಿ, ನಿಲ್ಲಿಸಿ, ಅದರ ತಿರುಳನ್ನು ಮಾತ್ರ ಹೇಳಿ: "ವಿಶೇಷ ತರಗತಿ ನವೆಂಬರ್ ಇಪ್ಪತ್ತನಾಲ್ಕು ಸೋಮವಾರದಿಂದ, ಬೆಳಗ್ಗೆ ಎಂಟೂವರೆಗೆ." ಸಾರ ತೆಗೆಯುವ ಕೆಲಸ ನಿಮ್ಮ ತಲೆಯಲ್ಲೇ ಆಗುತ್ತದೆ, ಟೈಪಿಂಗ್ ಮಾತ್ರ ಯಂತ್ರದ್ದು. ಹಾಗಾಗಿ "ನೋಡೋಣ" ಅನ್ನುವುದು "ನೋಡೋಣ"ವಾಗಿಯೇ ಉಳಿಯುತ್ತದೆ, ಏಕೆಂದರೆ ಅದನ್ನು ಅರ್ಥ ಮಾಡಿಕೊಂಡು ಹೇಳುತ್ತಿರುವುದು ನೀವು.

ಚುಕ್ಕಿ, ಅಲ್ಪವಿರಾಮ ಆಮೇಲೆ ಕೈಯಲ್ಲಿ ಹಾಕಬೇಕಾಗುತ್ತದೆ. ಸಂಖ್ಯೆಗಳನ್ನು ಹೇಳಿದ ತಕ್ಷಣ ಪರದೆ ನೋಡಿ. ಎಪ್ಪತ್ತೈದು ಎಂಬತ್ತೈದಾಗಿ ಬರುವುದು ಸುಲಭ. ಊರಿನ ಹೆಸರುಗಳನ್ನು ಬಾಯಲ್ಲಿ ಹೇಳುವ ಬದಲು ಟೈಪ್ ಮಾಡುವುದೇ ವಾಸಿ. ಇನ್ನೊಂದು ಮಾತು: ಈ ದಾರಿಯಲ್ಲಿ ಹೊರಗೆ ಹೋಗುವುದು ನಿಮ್ಮ ದನಿ ಮತ್ತು ನೀವು ಆರಿಸಿದ ಮಾತು ಮಾತ್ರ, ಸಭೆಯ ರೆಕಾರ್ಡಿಂಗ್ ನಿಮ್ಮ ಫೋನಿನಲ್ಲೇ ಇರುತ್ತದೆ. ಮಕ್ಕಳ ಮಾತಿನ ಕಾಳಜಿ ಇರುವವರಿಗೆ ಇದು ದೊಡ್ಡ ನೆಮ್ಮದಿ.

ಕಂಪ್ಯೂಟರಿಗೆ ಕೊಟ್ಟು ಪೂರ್ತಿ ಬರಹ ಮಾಡಿಸುವುದು

ಸಭೆ ಎರಡು ಮೂರು ಗಂಟೆಯದಾಗಿದ್ದರೆ, ಅಥವಾ ಒಂದೇ ದಿನ ನಾಲ್ಕು ವಿಭಾಗದ ಸಭೆ ನಡೆದಿದ್ದರೆ ಇದರ ಕಡೆ ಮನಸ್ಸು ಹೋಗುವುದು ಸಹಜ. 2022ರಲ್ಲಿ ಬಂದ ವಿಸ್ಪರ್ ಅನ್ನುವ ಪ್ರೋಗ್ರಾಂ ಉಚಿತ, ಕನ್ನಡವೂ ಅದರಲ್ಲಿ ಇದೆ, ನಿಮ್ಮದೇ ಕಂಪ್ಯೂಟರಿನಲ್ಲಿ ಓಡುತ್ತದೆ. ಹಾಗಾಗಿ ರೆಕಾರ್ಡಿಂಗ್ ಹೊರಗೆ ಹೋಗುವುದಿಲ್ಲ. ಅದನ್ನು ಹಾಕಿಕೊಂಡ ಮೇಲೆ ಆಜ್ಞೆ ಇಷ್ಟೇ:

```
whisper sabhe.m4a --language kn --model large-v3 --output_format srt
```

ತೊಂದರೆ ಇರುವುದು ಕಂಪ್ಯೂಟರಿನಲ್ಲಿ. ಆಜ್ಞೆಯಲ್ಲಿರುವ `large-v3` ಅನ್ನುವ ದೊಡ್ಡ ಮಾಡೆಲ್‌ಗೆ ಸುಮಾರು 10 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಬೇಕು. ಅದಿಲ್ಲದ ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಸಭೆಗಿಂತ ಎಷ್ಟೋ ಪಟ್ಟು ಹೊತ್ತು ಹಿಡಿಯುತ್ತದೆ. ಚಿಕ್ಕ ಮಾಡೆಲ್ ಬೇಗ ಓಡುತ್ತದೆ, ಆದರೆ ಕನ್ನಡಕ್ಕೆ ಅದರ ಫಲಿತಾಂಶ ಉಪಯೋಗಕ್ಕೆ ಬರುವುದಿಲ್ಲ. ಆನ್‌ಲೈನ್ ಸೇವೆಗಳಲ್ಲಿ ಈ ಕಷ್ಟ ಇಲ್ಲ. ಆದರೆ ಅಲ್ಲಿ ಇಡೀ ಸಭೆಯ ದನಿ ಬೇರೆಯವರ ಕಂಪ್ಯೂಟರಿಗೆ ಹೋಗುತ್ತದೆ. ಹಾಕಲೇಬೇಕು ಅಂದರೆ ಮಕ್ಕಳ ಹೆಸರು ಬರುವ ಭಾಗವನ್ನು ಮೊದಲು ಕತ್ತರಿಸಿ. ನಮ್ಮ ಸಭೆಯಲ್ಲಿ 58ನೇ ನಿಮಿಷದ ನಂತರ ಬೇಡ, ಆದ್ದರಿಂದ ಆಡಿಯೊ ಕತ್ತರಿಸುವ ffmpeg ಅನ್ನುವ ಪ್ರೋಗ್ರಾಂನಲ್ಲಿ ಈ ಆಜ್ಞೆ:

```
ffmpeg -i sabhe.m4a -ss 00:00:00 -to 00:58:00 -c copy hanchuva.m4a
```

ಈಗ ಬಂದ ಬರಹವನ್ನು ಎಷ್ಟು ನಂಬಬಹುದು? ಎರಡು ತಪ್ಪುಗಳನ್ನು ಗುರುತು ಹಿಡಿಯಲು ಕಲಿತರೆ ಸಾಕು.

ಒಂದು, ಇಲ್ಲದ ಮಾತು ಹುಟ್ಟುವುದು. ಸಭೆಯಲ್ಲಿ ಟೀ ಕೊಡುವ ಹೊತ್ತು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವ ಹೊತ್ತು ಬರೀ ಗದ್ದಲ ಇರುತ್ತದೆ. ಅಂಥ ಕಡೆ ಪ್ರೋಗ್ರಾಂ ಸುಮ್ಮನಿರದೆ ಯಾವುದೋ ಸಾಲನ್ನು ಬರೆಯುತ್ತದೆ, ಕೆಲವು ಸಲ ಒಂದೇ ಸಾಲನ್ನು ಮತ್ತೆ ಮತ್ತೆ ಬರೆಯುತ್ತದೆ. ಒಂದೇ ಸಾಲು ಮೂರು ನಾಲ್ಕು ಸಲ ಕಂಡರೆ ಆ ನಿಮಿಷಕ್ಕೆ ಹೋಗಿ ಕಿವಿಯಲ್ಲೇ ಕೇಳಿ.

ಇನ್ನೊಂದು ಇದಕ್ಕಿಂತ ಅಪಾಯದ್ದು, ಏಕೆಂದರೆ ಕಣ್ಣಿಗೆ ಬೀಳುವುದಿಲ್ಲ. ಕನ್ನಡದಲ್ಲಿ ಬೇಕು, ಬೇಡ, ಮಾಡುತ್ತೇವೆ, ಮಾಡಲ್ಲ ಅನ್ನುವುದೆಲ್ಲ ಮಾತಿನ ಕೊನೆಯಲ್ಲಿ ಬರುತ್ತದೆ. ನಾವು ಮಾತಾಡುವಾಗ ದನಿ ಇಳಿಯುವುದೂ ಅಲ್ಲೇ. ವಿದ್ಯಾರ್ಥಿವೇತನದ ಭಾಗದಲ್ಲಿ ಶಿಕ್ಷಕರು "ಹೋದ ವರ್ಷ ಕೊಟ್ಟವರು ಆಧಾರ್ ಜೆರಾಕ್ಸ್ ಮತ್ತೆ ಕೊಡಬೇಕಾಗಿಲ್ಲ" ಅಂದಿದ್ದಾರೆ ಅಂದುಕೊಳ್ಳಿ. ಕೊನೆಯ "ಇಲ್ಲ" ಫ್ಯಾನಿನ ಸದ್ದಿನಲ್ಲಿ ಮುಳುಗಿದರೆ ಬರಹದಲ್ಲಿ "ಕೊಡಬೇಕಾಗಿದೆ" ಅಂತ ಬರಬಹುದು. ವ್ಯಾಕರಣ ಸರಿ ಇದೆ, ಅರ್ಥ ಉಲ್ಟಾ. ಇದಕ್ಕೆ ಒಂದೇ ಉಪಾಯ. ಟಿಪ್ಪಣಿಗೆ ಹೋಗುವ ಪ್ರತಿ ಸೂಚನೆಯ ಕ್ರಿಯಾಪದವನ್ನು, ಪ್ರತಿ ಸಂಖ್ಯೆಯನ್ನು, ಆಡಿಯೊದಲ್ಲಿ ನೀವೇ ಕೇಳಿ ಹೊಂದಿಸಿ ನೋಡಬೇಕು. ವಿಸ್ಪರ್ ಕೊಡುವ ಎಸ್‌ಆರ್‌ಟಿ ಫೈಲಿನಲ್ಲಿ ಪ್ರತಿ ಸಾಲಿನ ಮೇಲೆ ಸಮಯ ಇರುವುದರಿಂದ ಹುಡುಕಲು ಕಷ್ಟವಿಲ್ಲ.

ಅಂದರೆ ಕಂಪ್ಯೂಟರಿನ ಬರಹ ಒಳ್ಳೆಯ ಸೂಚಿ. "ಸ್ಕಾಲರ್‌ಶಿಪ್ ಮಾತು ಎಲ್ಲಿ ಬಂತು" ಅಂತ ಒಂದು ಕ್ಷಣದಲ್ಲಿ ಹುಡುಕಬಹುದು, ಕೈಬರಹದ ಮೊದಲ ಸುತ್ತಿನ 45 ನಿಮಿಷ ಉಳಿಯುತ್ತದೆ. ಎರಡನೇ ಸುತ್ತನ್ನು ಮಾತ್ರ ಮಾಡಲೇಬೇಕು. ಆ ಬರಹವನ್ನೇ ಮತ್ತೊಂದು ಪ್ರೋಗ್ರಾಂಗೆ ಕೊಟ್ಟು ಸಾರಾಂಶ ಮಾಡಿಸಿ ನೇರ ಗುಂಪಿಗೆ ಹಾಕುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಬರಹದಲ್ಲಿ ತಪ್ಪಿದ್ದು ಸಾರಾಂಶದಲ್ಲಿ ನಯವಾಗಿ ಕಾಣುತ್ತದೆ, ಆಮೇಲೆ ಅದು ತಪ್ಪು ಅಂತ ಯಾರಿಗೂ ಅನುಮಾನ ಬರುವುದಿಲ್ಲ.

ಒಂದು ಗಂಟೆಯ ಸಭೆಗೆ, ಈ ಪ್ರೋಗ್ರಾಂ ಮೊದಲೇ ಹಾಕಿ ಇಟ್ಟುಕೊಂಡಿಲ್ಲದಿದ್ದರೆ, ನನ್ನ ಪ್ರಕಾರ ಈ ದಾರಿ ಬೇಡ. ಹಾಕಿಕೊಳ್ಳುವ ಹೊತ್ತಿಗೆ ಕೈಯಲ್ಲೇ ಬರೆದು ಮುಗಿಸಬಹುದು. ದುಡ್ಡು ಕೊಟ್ಟು ಡಿಟಿಪಿ ಅಂಗಡಿಯಲ್ಲಿ ಬರೆಸುವವರೂ ಇದ್ದಾರೆ. ಅಲ್ಲಿಗೆ ರೆಕಾರ್ಡಿಂಗ್ ಕೊಡುವುದರ ಬದಲು ನೀವು ಕೈಯಲ್ಲಿ ಬರೆದ ಹಾಳೆ ಕೊಡಿ. ಖರ್ಚೂ ಕಡಿಮೆ, ಮಕ್ಕಳ ವಿಷಯವೂ ಹೊರಗೆ ಹೋಗುವುದಿಲ್ಲ.

ವಾಯ್ಸ್ ಮೆಸೇಜ್

ಇದನ್ನು ಮೇಲಿನ ಮೂರಕ್ಕೆ ಬದಲಿಯಾಗಿ ನೋಡುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಟಿಪ್ಪಣಿ ಇಲ್ಲದೆ ಸೀದಾ ಮೈಕ್ ಒತ್ತಿ ಮಾತಾಡಿದರೆ ಎಂಟು ನಿಮಿಷ ಆಗುತ್ತದೆ, ತಾರೀಖು ನಡುವೆ ಎಲ್ಲೋ ಹುದುಗಿರುತ್ತದೆ. ಮೊದಲು ಟಿಪ್ಪಣಿ ಮಾಡಿ, ಅದನ್ನು ನೋಡಿಕೊಂಡು ಮೂರು ನಿಮಿಷದೊಳಗೆ ಹೇಳಿ. ಮಾಡಬೇಕಾದ ಕೆಲಸ ಮೊದಲು. ತಾರೀಖನ್ನು ಎರಡು ಸಲ ಹೇಳಿ, ವಾರದ ಹೆಸರಿನ ಜೊತೆ. ವಿಷಯ ಮೂರಿದ್ದರೆ ಮೂರು ಬೇರೆ ಬೇರೆ ಮೆಸೇಜ್ ಕಳಿಸಿ, ಆಗ ಸ್ಕಾಲರ್‌ಶಿಪ್ ಒಂದನ್ನೇ ಮತ್ತೆ ಕೇಳಬೇಕಾದವರು ಅದೊಂದನ್ನೇ ಕೇಳುತ್ತಾರೆ.

ಉರ್ದು ಅಥವಾ ತೆಲುಗು ಮನೆಯವರಿಗೆ ಆ ಭಾಷೆಯ ಒಬ್ಬ ಪೋಷಕರ ಕೈಗೆ ಬರೆದ ಟಿಪ್ಪಣಿ ಕೊಟ್ಟು, ಅವರ ದನಿಯಲ್ಲೇ ಹೇಳಿಸಿ. ರೆಕಾರ್ಡಿಂಗ್ ಕೇಳಿ ಅವರೇ ಅನುವಾದ ಮಾಡಲಿ ಅಂತ ಬಿಡಬೇಡಿ, ಎರಡು ಭಾಷೆಯಲ್ಲಿ ಎರಡು ತೀರ್ಮಾನ ಹೊರಡುತ್ತದೆ.

ನಮ್ಮ ಸಭೆಯ ಟಿಪ್ಪಣಿ ಹೀಗಿರುತ್ತದೆ

ಯಾವ ದಾರಿಯಲ್ಲಿ ಹೋದರೂ ಕೊನೆಗೆ ಬರಬೇಕಾದ್ದು ಹೆಚ್ಚುಕಡಿಮೆ ಇಷ್ಟು. ಒಂದು ಫೋನ್ ಪರದೆ, ಹೆಚ್ಚೆಂದರೆ ಒಂದೂವರೆ.

*ಹತ್ತನೇ ತರಗತಿ ಪೋಷಕರ ಸಭೆ, ನವೆಂಬರ್ 22, ಶನಿವಾರ*

*ನೀವು ಮಾಡಬೇಕಾದ್ದು: ನವೆಂಬರ್ 29, ಶನಿವಾರದೊಳಗೆ ಶಾಲೆಗೆ ಬಂದು ಪರೀಕ್ಷೆಯ ಪಟ್ಟಿಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ, ತಂದೆ ತಾಯಿ ಹೆಸರು ಸರಿ ಇದೆಯಾ ನೋಡಿ ಸಹಿ ಹಾಕಿ (42ನೇ ನಿಮಿಷ). ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೊಡಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು. ಹೋದ ವರ್ಷ ಆಧಾರ್ ಜೆರಾಕ್ಸ್ ಕೊಟ್ಟವರು ಮತ್ತೆ ಕೊಡುವುದು ಬೇಡ (35ನೇ ನಿಮಿಷ).*

*ತೀರ್ಮಾನ ಆದದ್ದು: ವಿಶೇಷ ತರಗತಿ ನವೆಂಬರ್ 24, ಸೋಮವಾರದಿಂದ, ಬೆಳಗ್ಗೆ 8.30ಕ್ಕೆ. ಗಣಿತ, ವಿಜ್ಞಾನ, ಇಂಗ್ಲಿಷ್ ಮಾತ್ರ. ಬಸ್ಸಿನಲ್ಲಿ ಬರುವ ಮಕ್ಕಳು ತಡವಾಗಿ ಬಂದರೂ ಗೈರುಹಾಜರಿ ಹಾಕುವುದಿಲ್ಲ. ಸಂಜೆ ತರಗತಿ ಇಲ್ಲ (18ನೇ ನಿಮಿಷ).*

*ಇನ್ನೂ ತೀರ್ಮಾನ ಆಗದ್ದು: ಬಸ್ ಸಮಯದ ಬಗ್ಗೆ ಡಿಪೋದವರ ಹತ್ತಿರ ಮಾತಾಡಿ ನೋಡೋಣ ಎಂದು ಎಚ್‌ಎಂ ಹೇಳಿದ್ದಾರೆ. ಪ್ರವಾಸ ಬೇಕು, ಬೇಡ ಎರಡೂ ಅಭಿಪ್ರಾಯ ಬಂತು, ದುಡ್ಡು ಇನ್ನೂ ಕಟ್ಟಬೇಡಿ.*

*ನಿಮ್ಮ ಮಗುವಿನ ಅಂಕದ ಬಗ್ಗೆ ತರಗತಿ ಶಿಕ್ಷಕರನ್ನೇ ಕೇಳಿ.*

ರೆಕಾರ್ಡಿಂಗಿನಲ್ಲಿ "ಸೋಮವಾರ", "ಬರೋ ಶನಿವಾರ" ಅಂತಿದ್ದದ್ದು ಇಲ್ಲಿ ತಾರೀಖಾಗಿದೆ, ಗಮನಿಸಿ. ಮೂರು ದಿನ ಬಿಟ್ಟು ಮೆಸೇಜ್ ನೋಡುವವರಿಗೆ "ಬರೋ ಶನಿವಾರ" ಯಾವುದು ಅಂತ ಗೊತ್ತಾಗುವುದಿಲ್ಲ. ನಿಮಿಷ ಬರೆದಿರುವುದು ಅನುಮಾನ ಬಂದಾಗ ಶಾಲೆಯಲ್ಲಿ ಹೋಗಿ ಆ ಜಾಗವನ್ನೇ ಕೇಳಲು. ಪ್ರವಾಸದ ವಾದ ಹನ್ನೆರಡು ನಿಮಿಷ ನಡೆದಿದ್ದರೂ ಇಲ್ಲಿ ಒಂದೇ ಸಾಲು, ಏಕೆಂದರೆ ಅದರಿಂದ ಮನೆಯಲ್ಲಿ ಯಾರೂ ಏನೂ ಮಾಡಬೇಕಾಗಿಲ್ಲ. ಯಾರು ಪರ, ಯಾರು ವಿರೋಧ ಅಂತ ಪೋಷಕರ ಹೆಸರು ಹಾಕುವುದಂತೂ ಬೇಡವೇ ಬೇಡ.

ಹಾಗಾದರೆ ಯಾರಿಗೆ ಯಾವುದು

ಒಂದು ಗಂಟೆ ಆಸುಪಾಸಿನ ಸಭೆ, ನೀವೇ ಅಲ್ಲಿ ಇದ್ದಿರಿ, ರೆಕಾರ್ಡಿಂಗ್ ಮಧ್ಯಮ: ಎರಡು ಸುತ್ತಿನ ಕೈಬರಹ. ಹೆಚ್ಚಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಭೆ ಇದೇ ಗುಂಪಿಗೆ ಸೇರುತ್ತದೆ. ಅದೇ ಸಭೆ, ಆದರೆ ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಬೆರಳು ಓಡುವುದಿಲ್ಲ ಅಂದರೆ ಮತ್ತೆ ಹೇಳಿ ಟೈಪ್ ಮಾಡಿಸಿ. ಸಭೆ ಉದ್ದ, ಮೈಕ್ ಇತ್ತು, ದನಿ ಸ್ಪಷ್ಟ, ಕಂಪ್ಯೂಟರ್ ಗೊತ್ತಿರುವವರು ಜೊತೆಗಿದ್ದಾರೆ ಅಂದರೆ ವಿಸ್ಪರ್‌ನಿಂದ ಸೂಚಿ ಮಾಡಿಸಿ, ಟಿಪ್ಪಣಿ ನೀವು ಬರೆಯಿರಿ. ದನಿಯೇ ಸರಿಯಿಲ್ಲ ಅಂದರೆ ರೆಕಾರ್ಡಿಂಗಿನ ಜೊತೆ ಗುದ್ದಾಡಬೇಡಿ. ಸಭೆಯಲ್ಲಿ ಇದ್ದ ಇಬ್ಬರನ್ನು ಕೂರಿಸಿ ನೆನಪಿನಿಂದ ಬರೆಸಿ, ತಾರೀಖು ಮತ್ತು ದಾಖಲೆಗಳನ್ನು ಎಚ್‌ಎಂ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ, ರೆಕಾರ್ಡಿಂಗ್ ಬರೀ ಅನುಮಾನ ಪರಿಹಾರಕ್ಕೆ ಇರಲಿ.

ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ದುಡಿಯುವ ತಂದೆಗೆ ಬರಹ ಸಾಕು, ಅವರು ಬಿಡುವಾದಾಗ ಓದುತ್ತಾರೆ. ಊರಲ್ಲೇ ಇದ್ದು ಕೂಲಿಗೆ ಹೋಗುವ, ಓದಲು ಬಾರದ ತಾಯಿಗೆ ವಾಯ್ಸ್ ಮೆಸೇಜ್ ಬೇಕು. ಸ್ಮಾರ್ಟ್‌ಫೋನೇ ಇಲ್ಲದ ಮನೆಗಳಿಗೆ ಅದೇ ಟಿಪ್ಪಣಿಯನ್ನು ಜೆರಾಕ್ಸ್ ಮಾಡಿಸಿ ಮಗುವಿನ ಕೈಯಲ್ಲಿ ಕಳಿಸಿ, ಕೆಳಗೆ ಸಹಿ ಮಾಡಿಸಿಕೊಂಡು ಬರಲು ಹೇಳಿ. ಮೂರಕ್ಕೂ ಮೂಲ ಒಂದೇ ಟಿಪ್ಪಣಿ ಆಗಿರಬೇಕು.

ಕಳಿಸುವ ಮೊದಲು ಎಚ್‌ಎಂ ಅಥವಾ ತರಗತಿ ಶಿಕ್ಷಕರು ಒಮ್ಮೆ ನೋಡಲಿ. ಅವರ ಮಾತನ್ನು ಅವರ ಹೆಸರಿನಲ್ಲಿ ಕಳಿಸುತ್ತಿದ್ದೀರಿ. ಆದರೆ ಹೇಳಿದ ಮಾತನ್ನು ಆಮೇಲೆ ಸಣ್ಣದಾಗಿ ಬದಲಿಸಲು ಅವಕಾಶ ಮಾಡಿಕೊಡಬೇಡಿ. ಆಬ್ಸೆಂಟ್ ಹಾಕಲ್ಲ ಅಂತ ಸಭೆಯಲ್ಲಿ ಹೇಳಿದ್ದರೆ ಟಿಪ್ಪಣಿಯಲ್ಲೂ ಅದೇ ಇರಲಿ. ನಿಲುವು ಬದಲಾಗಿದ್ದರೆ "ಸಭೆಯ ನಂತರದ ಬದಲಾವಣೆ" ಅಂತ ಬೇರೆ ಸಾಲು ಹಾಕಿ, ತಾರೀಖಿನ ಜೊತೆ.

ಕಳಿಸಿದ ಮೇಲೆ ತಪ್ಪು ಸಿಕ್ಕರೆ, ವಾಟ್ಸಾಪ್‌ನಲ್ಲಿ ಮೆಸೇಜ್ ತಿದ್ದಲು 15 ನಿಮಿಷ ಮಾತ್ರ ಅವಕಾಶ. ಅದು ಮೀರಿದರೆ ಹಳೆಯದನ್ನು ಅಳಿಸಿ, ಪೂರ್ತಿ ಟಿಪ್ಪಣಿಯನ್ನು "ತಿದ್ದಿದ್ದು" ಅನ್ನುವ ತಲೆಬರಹದ ಜೊತೆ ಮತ್ತೆ ಕಳಿಸಿ, ಬದಲಾದ ಸಾಲು ಯಾವುದು ಅಂತ ಮೇಲೆಯೇ ಹೇಳಿ. ವಾಯ್ಸ್ ಮೆಸೇಜನ್ನೂ ಹೊಸದಾಗಿ ಮಾಡಿ, ಜೆರಾಕ್ಸ್ ಹೋದ ಮನೆಗಳಿಗೂ ಹೊಸ ಹಾಳೆ ಹೋಗಲಿ.